ಐದು ಗಂಟೆಯ ರಾಹುಕಾಲ

ವಾರದಲ್ಲಿ ನನ್ನದು ಅಂತ ಇದ್ದದ್ದು ಒಂದೂವರೆ ತಾಸು, ಅದೂ ರಾಹುಕಾಲ. ರವಿವಾರ ಸಂಜೆ ನಾಲ್ಕೂವರೆಯಿಂದ ಆರರವರೆಗೆ ನನ್ನ ಅತ್ತೆ ಏನನ್ನೂ ಶುರು ಮಾಡುವುದಿಲ್ಲ, ಬೇರೆಯವರಿಗೂ ಮಾಡಗೊಡುವುದಿಲ್ಲ. ಅಂಗಡಿಗೆ ಯಾರನ್ನೂ ಕಳಿಸುವುದಿಲ್ಲ, ಹೊಸ ಹಿಟ್ಟಿನ ಡಬ್ಬಿ ತೆಗೆಯುವುದಿಲ್ಲ. ನಾನು ಮನೆಯಲ್ಲೇ ಕೂತು ಓಣಿಯ ಹೆಂಗಸರ ಸೀರೆಗೆ ಜಂಪರು ಹೊಲಿಯುತ್ತೇನೆ. ಆ ಹೊತ್ತಿನಲ್ಲಿ ಬಟ್ಟೆಗೆ ಕತ್ತರಿ ಇಟ್ಟರೆ "ತಡೀ ಬೇ, ಆರು ಹೊಡೀಲಿ" ಅನ್ನುತ್ತಾರೆ. ಆಳಂದದ ಈ ಮನೆಗೆ ಸೊಸೆಯಾಗಿ ಬಂದು ಹದಿನಾಲ್ಕು ವರ್ಷವಾಯಿತು. ರಾಹುವಿನ ಬಗ್ಗೆ ನನಗೆ ನಂಬಿಕೆ ಇಲ್ಲ, ಆದರೆ ಅವನಷ್ಟು ಉಪಕಾರ ಮಾಡಿದವರು ಈ ಮನೆಯಲ್ಲಿ ಇನ್ನೊಬ್ಬರಿಲ್ಲ.

ಮಾವನದು ಬೇರೆಯೇ ದಾರಿ. ತಹಸೀಲ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ದಿನಾ ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡುವವರು. "ಶರಣರ ಮನ್ಯಾಗ ರಾಹುಗ ಏನ್ ಕೆಲಸ?" ಅಂತ ಕ್ಯಾಲೆಂಡರಿನ ಮುಂದೆ ನಿಂತು ಕೇಳುತ್ತಾರೆ. ನಾನು ಮಾತ್ರ ಸದ್ದಿಲ್ಲದೆ ಅತ್ತೆಯ ಪಕ್ಷ.

ಯಾಕೆಂದರೆ ಐದು ಗಂಟೆಗೆ ನಾನು ಫೋನು ಹಿಡಿದು ಮಾಳಿಗೆ ಹತ್ತುತ್ತಿದ್ದೆ. ಜೇವರ್ಗಿಯಲ್ಲಿ ನನ್ನ ತವರು. ಅವ್ವ ಅಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ಅವಳಿಗೆ ಕಿವಿ ಮಂದ. ತಮ್ಮ ಮನೆ ಸೇರುವುದು ರಾತ್ರಿಗೆ, ಹಾಗಾಗಿ ಫೋನಿನಲ್ಲಿ ನಾನು ಹೇಳಿದ್ದನ್ನು ತಮ್ಮನ ಹೆಂಡತಿ ಪಕ್ಕದಲ್ಲಿ ಕೂತು ಕಿವಿಯಲ್ಲಿ ಕೂಗಿ ಹೇಳಬೇಕು. ತಮ್ಮನ ಹೆಂಡತಿ ಖಾಸಗಿ ಶಾಲೆಯ ಟೀಚರು, ಸಂಜೆಯಾದರೆ ಮನೆಯಲ್ಲಿ ಟ್ಯೂಷನ್ನು. ರವಿವಾರವೂ ಐದೂವರೆಗೆ ಹತ್ತನೆಯ ತರಗತಿಯ ಹುಡುಗರು ಬರುತ್ತಾರೆ. ಐದರವರೆಗೆ ವಾರದ ಬಟ್ಟೆಬರೆ, ಮನೆಗೆಲಸದಿಂದ ಅವಳಿಗೆ ಬಿಡುವಿಲ್ಲ, ನಡುವಿನ ಅರ್ಧ ತಾಸು ನಮಗೆ. ಅವಳ ಪಾಠ ಮುಗಿಯುವುದರೊಳಗೆ ಅವ್ವ ಉಂಡು ಮಲಗಿಬಿಡುತ್ತಾಳೆ, ಆಗ ನನ್ನ ಕೈಯೂ ರೊಟ್ಟಿಯ ಹಿಟ್ಟಿನಲ್ಲಿರುತ್ತದೆ. ಆಳಂದದಿಂದ ಕಲಬುರಗಿ, ಕಲಬುರಗಿಯಿಂದ ಜೇವರ್ಗಿ, ಎರಡು ಬಸ್ಸಿನ ದಾರಿ ಅಷ್ಟೆ. ಆದರೂ ಹೋಗುವುದು ಪಂಚಮಿಗೊಮ್ಮೆ, ಯಾರಾದರೂ ಸತ್ತರೆ ಕೆಟ್ಟರೆ ಇನ್ನೊಮ್ಮೆ.

ಏನು ಮಾತಾಡುತ್ತಿದ್ದೆವು ಅಂತ ಕೇಳಿದರೆ ಹೇಳುವಂಥದ್ದೇನೂ ಇಲ್ಲ. ಪುಂಡಿಪಲ್ಯ ಮಾಡಿದ್ದೆ ಅಂದರೆ, ಬೆಳ್ಳುಳ್ಳಿ ಎಷ್ಟು ಹಾಕಿದಿ ಅನ್ನುತ್ತಿದ್ದಳು. ಮೊಣಕಾಲು ಹೇಗಿದೆ ಅಂದರೆ, ಇದ್ದಲ್ಲೇ ಇದೆ ಅಂತ ನಗುತ್ತಿದ್ದಳು. ಆ ನಗು ಕೇಳಿ ಕೆಳಗಿಳಿದರೆ ಇನ್ನೊಂದು ವಾರ ಹೇಗೋ ದೂಡುತ್ತಿದ್ದೆ.

ಆರು ಹೊಡೆಯುತ್ತಿದ್ದಂತೆ ಅದೇ ಫೋನಿನಲ್ಲಿ ಮನೆಯವರ ಮಾತು. ನನ್ನ ನಾದಿನಿ ಇಂಗ್ಲೆಂಡಿನಲ್ಲಿದ್ದಾಳೆ. ನರ್ಸಿಂಗ್ ಓದಿ, ಅಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಹೋದದ್ದು ಒಂದು ನವೆಂಬರಿನಲ್ಲಿ. ವಾರದ ಉಳಿದ ದಿನ ಅವಳ ಪಾಳಿ ಹಗಲೋ ರಾತ್ರಿಯೋ ಅಂತ ಹೇಳಲಾಗುವುದಿಲ್ಲ, ರವಿವಾರ ಮಾತ್ರ ಕಾಯಂ ಹಗಲು ಡ್ಯೂಟಿ. ಊಟಕ್ಕೆ ಹನ್ನೆರಡೂವರೆಯಿಂದ ಅರ್ಧ ತಾಸು ಬಿಡುವು. ಅವಳ ಹನ್ನೆರಡೂವರೆ ಅಂದರೆ ನಮ್ಮ ಸಂಜೆ ಆರು. ರಾಹುಕಾಲ ಮುಗಿದ ಕ್ಷಣ! ಅತ್ತೆ ಅದನ್ನು ದೇವರೇ ಹೊಂದಿಸಿ ಕೊಟ್ಟದ್ದು ಅಂದುಕೊಂಡಿದ್ದರು.

ಮನೆಯಲ್ಲಿ ವಿಡಿಯೋ ಬರುವ ಫೋನು ನನ್ನದೊಂದೇ. ಗಂಡನದೂ ಇದೆ, ಆದರೆ ಅವರೂ ಅವರ ಫೋನೂ ರವಿವಾರವೂ ಗೊಬ್ಬರದ ಅಂಗಡಿಯಲ್ಲಿ. ಮಾವನದು ಗುಂಡಿ ಒತ್ತುವ ಫೋನು. ಅತ್ತೆಯ ಕೈಗೆ ಕೊಟ್ಟರೆ ಇಂಗ್ಲೆಂಡಿಗೆ ಕಾಣಿಸುವುದು ನಮ್ಮ ಮನೆಯ ಜಂತಿ. ಹಾಗಾಗಿ ಹಿಡಿಯುವ ಕೈ ನನ್ನದು. ಅರ್ಧ ತಾಸು ತೋಳು ಮುಂದೆ ಚಾಚಿ, ನಾನು ಮಾತ್ರ ಚಿತ್ರದಲ್ಲಿ ಬಾರದ ಹಾಗೆ ಕೂರುತ್ತಿದ್ದೆ. ಆ ಕಡೆ ನಾದಿನಿ ಡಬ್ಬಿಗೆ ಫೋನು ಒರಗಿಸಿಟ್ಟು ಬ್ರೆಡ್ಡು ಕಚ್ಚುತ್ತ ಮಾತಾಡುತ್ತಿದ್ದಳು. ಹಿಂದೆ ಯಾರೋ ಓಡಾಡುತ್ತಿರುತ್ತಿದ್ದರು. ಊಟ ಆತೇನು, ಥಂಡಿ ಅದ ಏನು, ವರ ಬಂದಾನ ಏನಂತಿ, ಇಷ್ಟರಲ್ಲೇ ಬಿಡುವು ಮುಗಿಯುತ್ತಿತ್ತು.

ನಾದಿನಿ ಹೋಗಿ ನಾಲ್ಕೈದು ತಿಂಗಳಾಗಿತ್ತು. ಮಾರ್ಚ್ ತಿಂಗಳ ಕೊನೆಯ ಶನಿವಾರ ಅವಳ ಧ್ವನಿ ಸಂದೇಶ ಬಂತು. "ವೈನಿ, ಇವತ್ತ ರಾತ್ರಿ ಇಲ್ಲಿ ಗಡಿಯಾರ ಒಂದು ತಾಸು ಮುಂದಕ್ಕ ಇಡ್ತಾರಂತ್ರಿ. ನಮ್ಮ ಕೂಡ ಕೆಲಸ ಮಾಡೋರು ಈಗ ಹೇಳಿದ್ರು. ನಾಳಿಂದ ನನ್ನ ಹನ್ನೆರಡೂವರಿ ಅಂದ್ರ ನಿಮಗ ಐದು ಆಗ್ತದ ನೋಡ್ರಿ. ಅವ್ವಗ ಹೇಳ್ರಿ."

ನಾನು ಎರಡು ಸಲ ಕೇಳಿದೆ. ಐದು.

ಅಡಿಗೆ ಮನೆಯಲ್ಲಿ ಹೇಳಿದೆ. ಅತ್ತೆಗೆ ತಿಳಿಯಲಿಲ್ಲ. "ಗಡಿಯಾರ ಮುಂದಕ್ಕ ಇಟ್ರ ಹೊತ್ತು ಮುಂದ ಹೋಗ್ತದೇನು?" ಅಂದರು. ಮಾವ ನೌಕರಿ ಮಾಡಿದವರು, ಅವರು ತಮ್ಮ ಲೆಕ್ಕದಲ್ಲಿ ಹಿಡಿದರು. "ನಮ್ಮ ಕಡಿ ಬ್ಯಾಸಗ್ಯಾಗ ಕಚೇರಿ ಎಂಟಕ್ಕ ಶುರು ಆಗ್ತದಲ್ಲ, ಹಂಗ. ನಾವು ಕಚೇರಿ ಟೈಮು ಬದಲಿ ಮಾಡ್ತೀವಿ, ಅವರು ಗಡಿಯಾರನೇ ಬದಲಿ ಮಾಡ್ತಾರ. ಮಂದಿ ಒಂದು ತಾಸು ಜಲ್ದಿ ಏಳಬೇಕು, ಅಷ್ಟ."

"ಹಂಗಾರ ನಮ್ಮ ಗಡಿಯಾರನೂ ಒಂದು ತಾಸು ಮುಂದ ಇಡ್ರಿ," ಅಂದರು ಅತ್ತೆ. "ಆಕಿ ಮಾಡೋ ಹೊತ್ತಿಗೆ ನಮ್ಮದೂ ಆರು ಆಗಿರ್ತದ. ರಾಹುಕಾಲ ಮುಗದಿರ್ತದ."

ಮಾವ ನಕ್ಕು ನಕ್ಕು ಕೆಮ್ಮಿದರು. "ರಾಹು ನಿನ್ನ ಗಡಿಯಾರ ನೋಡಿ ಬರ್ತಾನೇನು?"

ನಾನೂ ನಕ್ಕೆ. ಒಳಗೆ ಮಾತ್ರ ಖುಷಿಯಾಗಿದ್ದೆ, ಸುಳ್ಳು ಯಾಕೆ ಹೇಳಲಿ. ಅತ್ತೆ ರಾಹುಕಾಲದಲ್ಲಿ ಮಗಳ ಜೊತೆ ಮಾತು ಶುರು ಮಾಡುವುದಿಲ್ಲ, ಅದೂ ಮದುವೆಯ ಮಾತು ನಡೆದಾಗ. ಹಾಗಾದರೆ ನಾದಿನಿಯೇ ಬಿಡುವು ಬದಲಿಸಿಕೊಳ್ಳಬೇಕು. ಅವಳು ಒಂದು ತಾಸು ತಡ ಮಾಡಿ ಒಂದೂವರೆಗೆ ಉಂಡರೆ ನಮ್ಮದು ಮತ್ತೆ ಆರಕ್ಕೇ ಬರುತ್ತದೆ, ನನ್ನ ಐದು ನನಗೇ ಉಳಿಯುತ್ತದೆ. ಹಾಗಂತ ಬರೆದು ಕಳಿಸಿದೆ. ನನ್ನ ಅವ್ವನ ವಿಷಯ ಎತ್ತಲಿಲ್ಲ. ರಾಹುಕಾಲ ಬರುತ್ತದೆ, ಅತ್ತೆಗೆ ಸರಿಬರುವುದಿಲ್ಲ ಅಂತಷ್ಟೇ ಬರೆದೆ.

ಅವಳು ರಾತ್ರಿಯೇ ಉತ್ತರ ಕಳಿಸಿದಳು. "ಇಲ್ಲಿ ಕೇಳಿ ನೋಡಿದೆ ರಿ ವೈನಿ. ಒಂದೂವರಿದು ಹಳಬರಿಗೆ ಕೊಟ್ಟಾರ. ನಾ ಹೊಸಾಕಿ, ಏನ್ ಮಾಡ್ಲಿ? ಇದೊಂದು ಅರ್ಧ ತಾಸು ಬಿಟ್ರ ನನಗ ಇಡೀ ವಾರದಾಗ ಮನಿ ಮಾರಿ ಕಾಣಂಗಿಲ್ಲ." ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಅವಳ ಮೇಲೆ ಸಿಟ್ಟು ಮಾಡಲು ಏನೂ ಇರಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಮರುದಿನ ಐದಕ್ಕೆ ಸರಿಯಾಗಿ ಫೋನು ಬಾರಿಸಿತು. ಅತ್ತೆ ಸೆರಗು ಬಿಗಿದುಕೊಂಡು ಗೋಡೆಗೆ ಮುಖ ಮಾಡಿ ಕೂತರು. ಮಾವ ಮಾತಾಡಿದರು. ಮಾವ ಮಗಳ ಜೊತೆ ಏನು ಮಾತಾಡಬೇಕು ಅಂತ ತಿಳಿಯದವರು. ಅಲ್ಲಿಯ ಹವಾಮಾನವನ್ನೇ ಎರಡು ಸಲ ಕೇಳಿದರು. "ಅವ್ವ ಎಲ್ಲಿ?" ಅಂತ ನಾದಿನಿ ಕೇಳುತ್ತಲೇ ಇದ್ದಳು. ಗೋಡೆಯ ಕಡೆ ಕೂತ ಅತ್ತೆಯ ಹೆಗಲು ಅಲುಗಾಡುತ್ತಿತ್ತು. ಮಗಳ ಧ್ವನಿ ಮೂರು ಮಾರು ದೂರದಲ್ಲಿದೆ, ಹೊರಳಿ ನೋಡುವ ಹಾಗಿಲ್ಲ. ಅದನ್ನು ನೋಡುತ್ತ ನಾನು, ಇನ್ನೆರಡು ವಾರ ಹೀಗೇ ನಡೆದರೆ ಈ ಕರೆ ತಾನಾಗಿಯೇ ಬೇರೆ ಹೊತ್ತಿಗೆ ಹೋಗುತ್ತದೆ ಅಂತ ಲೆಕ್ಕ ಹಾಕುತ್ತಿದ್ದೆ. ಎಂಥ ಹೆಂಗಸು ನಾನು.

ನನ್ನ ಲೆಕ್ಕ ತಪ್ಪಿತು. ಅತ್ತೆ ಬುಧವಾರ ಹಿಂದಿನ ಓಣಿಯ ಅಯ್ಯನವರ ಹತ್ತಿರ ಹೋಗಿ ಬಂದರು. ಅವರು ಪಂಚಾಂಗ ನೋಡುವವರು. ಬರುವಾಗ ಅತ್ತೆಯ ಮುಖ ಅರಳಿತ್ತು.

"ಪ್ರಸ್ಥಾನ ಇಡ್ರಿ ಅಂದ್ರು," ಅಂದರು.

ಪ್ರಸ್ಥಾನ ನಮ್ಮ ಕಡೆ ಎಲ್ಲರಿಗೂ ಗೊತ್ತು. ಊರಿಗೆ ಹೊರಡಬೇಕಾದ ಹೊತ್ತು ಸರಿ ಇಲ್ಲದಿದ್ದರೆ, ಒಳ್ಳೆಯ ಹೊತ್ತಿನಲ್ಲೇ ಒಂದು ಬಟ್ಟೆಯ ಗಂಟನ್ನು ನೆರೆಮನೆಯಲ್ಲಿ ಇಟ್ಟು ಬರುತ್ತಾರೆ. ಪ್ರಯಾಣ ಆಗಲೇ ಶುರುವಾಯಿತು ಅಂತ ಲೆಕ್ಕ. ಆಮೇಲೆ ಯಾವಾಗ ಹೊರಟರೂ ದೋಷವಿಲ್ಲ. ಅದನ್ನೇ ಅಯ್ಯನವರು ಫೋನಿಗೆ ಹಚ್ಚಿದ್ದರು. ನಾಲ್ಕೂವರೆಗೆ ಮುಂಚೆ ಮಗಳಿಗೆ ಒಂದು ಮಾತು ಕಳಿಸಿಬಿಟ್ಟರೆ ಮಾತು ಶುರುವಾದಂತೆ. ಐದಕ್ಕೆ ಅವಳು ಕರೆದಾಗ ನಡೆಯುವುದು ಅದೇ ಮಾತಿನ ಮುಂದಿನ ಭಾಗ.

ಮಾವ ಕೂಡ ನಕ್ಕು ಪೇಪರು ಎತ್ತಿಕೊಂಡರು. ಅಷ್ಟು ಜಾಣತನದ ಮುಂದೆ ಏನು ಹೇಳುವುದು? ನಾನು ಮಾತ್ರ ಬಿಡಲಿಲ್ಲ. "ಅತ್ತಿ, ಆದ್ರೂ ಲಗ್ನದ ಮಾತು ಅದ. ಆ ಹೊತ್ತಿನ್ಯಾಗ ಬ್ಯಾಡ ಅನಸ್ತದ್ರಿ ನನಗ," ಅಂದೆ.

ಮಾವ ಕನ್ನಡಕದ ಮೇಲಿಂದ ನೋಡಿದರು. "ನೀ ಯಾವಾಗಿಂದ ರಾಹುಕಾಲ ನೋಡಾಕತ್ತಿ?"

ನಿಜ ಹೇಳಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚಿಸುತ್ತೇನೆ. ಆ ಹೊತ್ತಿಗೆ ನನ್ನ ಅವ್ವನ ಜೊತೆ ಮಾತಾಡುತ್ತೇನೆ ರೀ ಅಂತ ಒಂದು ಸಾಲು ಸಾಕಿತ್ತು. ಆದರೆ ಈ ಮನೆಯಲ್ಲಿ ಯಾರೂ ಕೊಡದೆ ನಾನಾಗಿಯೇ ಮಾಡಿಕೊಂಡ ಹೊತ್ತು ಅದು. ಕೇಳಿ ತೆಗೆದುಕೊಂಡರೆ ಆಮೇಲೆ ಪ್ರತಿ ವಾರ ಕೇಳಬೇಕಾಗುತ್ತದೆ ಅಂತ ಅನಿಸಿತು. ಎದ್ದು ಹೊಲಿಗೆಗೆ ಕೂತೆ.

ಮುಂದಿನ ರವಿವಾರದಿಂದ ಪ್ರಸ್ಥಾನ ಶುರು. ನಾಲ್ಕು ಇಪ್ಪತ್ತೈದಕ್ಕೆ ಅತ್ತೆ ಮುಖ ತೊಳೆದು ವಿಭೂತಿ ಹಚ್ಚಿಕೊಂಡು ಬರುತ್ತಿದ್ದರು. ನಾನು ಧ್ವನಿ ಸಂದೇಶದ ಗುಂಡಿ ಒತ್ತಿ ಹಿಡಿಯಬೇಕು. "ಮಗಾ, ಅವ್ವ ಮಾತಾಡಾಕತ್ತೇನಿ. ಮಾತು ಶುರು ಆತು," ಅಂತ ಅವರು ಹೇಳುತ್ತಿದ್ದರು. ಆಮೇಲೆ ಫೋನನ್ನು ದೇವರ ಜಗಲಿಯ ಮುಂದೆ ಮಣೆಯ ಮೇಲೆ ಇಡಿಸುತ್ತಿದ್ದರು. ಅಲ್ಲಿಂದ ಐದರವರೆಗೆ ಅದರಿಂದ ಇನ್ನೊಂದು ಕರೆ ಹೋಗಬಾರದು, ಬರಲೂಬಾರದು. ನಡುವೆ ಬೇರೆ ಮಾತು ಬಂದರೆ ಶುರುವಾದ ಮಾತು ಕಡಿದಂತೆ. ಕಾಯುವ ಕೆಲಸ ನನ್ನದು. ಆರಾಮಾಗಿ ಕೂತಿದ್ದೀಯಲ್ಲ, ಹಾಂಗೇ ಸೊಪ್ಪು ಬಿಡಿಸು ಅಂತ ಮೊರ ತಂದಿಡುತ್ತಿದ್ದರು. ಸೊಪ್ಪನ್ನು ನಾಲ್ಕೂವರೆಗೆ ಮುಂಚೆಯೇ ಒಂದು ಎಸಳು ಬಿಡಿಸಿರುತ್ತಿದ್ದರು. ಅದಕ್ಕೂ ಪ್ರಸ್ಥಾನ! ಎರಡು ವಾರದಲ್ಲಿ ಮನೆಯ ಎಲ್ಲ ಕೆಲಸಕ್ಕೂ ಹಾಗೇ ಆಯಿತು. ಜಂಪರಿನ ಬಟ್ಟೆಗೆ ಒಂದು ಸಣ್ಣ ಕಚ್ಚು, ಹಿಟ್ಟಿಗೆ ಒಂದು ಹನಿ ನೀರು. ನನ್ನ ರಾಹುಕಾಲ ಹೀಗೆ ಮುಗಿಯಿತು.

ಮೊದಲ ವಾರ ಐದಕ್ಕೆ ಎರಡು ನಿಮಿಷ ಇದ್ದಾಗ ಮಣೆಯ ಮೇಲೆ ಫೋನು ಬೆಳಗಿತು. 'ಅವ್ವ' ಅಂತ ಬಂತು. ತಮ್ಮನ ಹೆಂಡತಿಯ ನಂಬರನ್ನು ನಾನು ಹಾಗೆ ಬರೆದಿಟ್ಟುಕೊಂಡಿದ್ದೇನೆ. ಅತ್ತೆ ಗಾಬರಿಯಾಗಿ "ಕಡೀ ಬೇ, ಜಲ್ದಿ ಕಡೀ" ಅಂದರು. ನನ್ನ ಬೆರಳಿನಿಂದಲೇ ಕಡಿದೆ. ಎರಡು ನಿಮಿಷಕ್ಕೆ ನಾದಿನಿ ಬಂದಳು, ಅತ್ತೆ ನಕ್ಕರು, ಅತ್ತರು, ಎರಡು ವಾರದ ಮಾತು ಒಟ್ಟಿಗೆ ಆಡಿದರು. ನಾನು ತೋಳು ಚಾಚಿ ಹಿಡಿದುಕೊಂಡಿದ್ದೆ. "ವೈನಿ, ನೀವು ಅಳಗ್ಯಾಡ್ಲಿಕತ್ತೀರಿ," ಅಂದಳು ನಾದಿನಿ. "ಸುಮ್ಮ ಹಿಡಿ ಬೇ," ಅಂದರು ಅತ್ತೆ.

ಅರ್ಧ ತಾಸು ಮುಗಿದದ್ದೇ ಮಾಳಿಗೆಗೆ ಓಡಿ ಜೇವರ್ಗಿಗೆ ಹಚ್ಚಿದೆ. ಹುಡುಗರು ಬಂದುಬಿಟ್ಟಿದ್ದರು. ತಮ್ಮನ ಹೆಂಡತಿ ಫೋನು ಎತ್ತಿ ಅವ್ವನ ಕೈಗೆ ಕೊಟ್ಟು ಪಾಠಕ್ಕೆ ಹೋದಳು. ಕೂಗಿ ಹೇಳುವವರಿಲ್ಲ. "ಯಾರು? ಯಾರು ಮಾತಾಡೋರು?" ಅಂತ ಅವ್ವ ಕೇಳುತ್ತಲೇ ಇದ್ದಳು. ನಾನು ಅವ್ವಾ ಅವ್ವಾ ಅಂತ ಕೂಗಿದ್ದು ಪಕ್ಕದ ಮಾಳಿಗೆಯವರಿಗೆ ಕೇಳಿತು, ಅವಳಿಗೆ ಕೇಳಲಿಲ್ಲ. ಆಮೇಲೆ ಯಾರೋ ಹುಡುಗ ಫೋನು ಇಟ್ಟ.

ಇನ್ನೆರಡು ರವಿವಾರ 'ಅವ್ವ' ಐದರ ಆಚೀಚೆ ಬೆಳಗಿತು, ಇನ್ನೆರಡು ಸಲ ಕಡಿದೆ. ನಾಲ್ಕನೆಯ ವಾರದಿಂದ ಬೆಳಗಲಿಲ್ಲ. ಬೇರೆ ದಿನ ತಮ್ಮನಿಗೆ ಹಚ್ಚಿ ಅವ್ವ ಹೇಗಿದ್ದಾಳೆ ಅಂತ ಕೇಳುತ್ತಿದ್ದೆ. "ಆರಾಮ ಇದ್ದಾಳ," ಅನ್ನುತ್ತಿದ್ದ. ಗಂಡಸರಿಗೆ ಅಷ್ಟೇ ಸಾಕು.

ನಾದಿನಿಯನ್ನು ಕೇಳಿದ್ದೆ, ಗಡಿಯಾರ ಮತ್ತೆ ಯಾವಾಗ ಹಿಂದಕ್ಕೆ ಬರುತ್ತದೆ ಅಂತ. ಅಕ್ಟೋಬರ್ ಕೊನೆಯ ರವಿವಾರ ಅಂದಳು. ಕ್ಯಾಲೆಂಡರಿನ ಹಾಳೆ ಮೇಲೆತ್ತಿ ಆ ದಿನಕ್ಕೆ ಪೆನ್ಸಿಲ್ಲಿನಿಂದ ಚುಕ್ಕಿ ಇಟ್ಟೆ. ಆಮೇಲೆ ರವಿವಾರ ಎಣಿಸುವುದೇ ಕೆಲಸವಾಯಿತು. ಪಂಚಮಿಗೆ ಎರಡು ದಿನ ಜೇವರ್ಗಿಗೆ ಹೋಗಿ ಬಂದೆ. ಅವ್ವನ ಕಿವಿ ಇನ್ನಷ್ಟು ಹೋಗಿತ್ತು. ಪಕ್ಕದಲ್ಲಿ ಕೂತು ಹೇಳಿದರೂ ತುಟಿ ನೋಡುತ್ತಿದ್ದಳು. "ನೀ ಫೋನ್ ಮಾಡೋದು ಬಿಟ್ಟೀ," ಅಂದಳು. ಇಂಗ್ಲೆಂಡಿನ ಗಡಿಯಾರ, ರಾಹುಕಾಲ, ಅಯ್ಯನವರು, ಇದನ್ನೆಲ್ಲ ಕಿವುಡಿಯ ಕಿವಿಯಲ್ಲಿ ಹೇಗೆ ಕೂಗಿ ಹೇಳುವುದು? "ಕೆಲಸ ಬಾಳ ಅದ ಅವ್ವಾ," ಅಂತ ಕೂಗಿದೆ. ಅದು ಕೇಳಿತು.

ಆ ಏಳು ತಿಂಗಳು ನಾನು ಎಲ್ಲರ ಮೇಲೂ ಹರಿಹಾಯ್ದೆ. ಗಂಡನ ಮೇಲೆ, ಸೂಜಿಯ ಮೇಲೆ, ಜಂಪರಿನ ತೋಳು ಬಿಗಿಯಾಯಿತು ಅಂದ ಗಿರಾಕಿಯ ಮೇಲೆ. ಕೇಳಬೇಕಾದವರ ಮುಂದೆ ಮಾತ್ರ ಒಂದು ಮಾತೂ ಹೊರಡಲಿಲ್ಲ. ಮಗಳ ಮುಖ ಕಂಡಾಗ ಅತ್ತೆಯ ಮುಖ ಹೇಗೆ ಆಗುತ್ತಿತ್ತು ಅನ್ನುವುದನ್ನು ಎಲ್ಲರಿಗಿಂತ ಹತ್ತಿರದಿಂದ ನೋಡುತ್ತಿದ್ದವಳು ನಾನೇ. ಬಾಗಿಲು ತೆರೆದೇ ಇದ್ದರೂ ಎದ್ದು ಹೋಗಲಾಗದ ಹಾಗೆ ಕೂತಿದ್ದೆ.

ಅಕ್ಟೋಬರ್ ಕೊನೆಯ ರವಿವಾರ ಬಂತು. ಮುಂಚೆಯೇ ನಾದಿನಿ ಹೇಳಿಟ್ಟಿದ್ದಳು. ನಾನೂ ಎಲ್ಲರಿಗೂ ಮೂರು ಮೂರು ಸಲ ಹೇಳಿದ್ದೆ, ಇನ್ನು ಆರಕ್ಕೆ, ಪ್ರಸ್ಥಾನ ಬೇಡ. ಅತ್ತೆ ಫೋನು ಮಣೆಯ ಮೇಲೆ ಇಡಿಸಲಿಲ್ಲ. ಐದಕ್ಕೆ ಅದನ್ನು ಸೆರಗಿನಲ್ಲಿ ಹಿಡಿದು ಮಾಳಿಗೆ ಹತ್ತಿದೆ. ಮೆಟ್ಟಿಲು ಹತ್ತುವಾಗಲೇ ಕಣ್ಣಲ್ಲಿ ನೀರು ಬಂದಿತ್ತು.

ಬಹಳ ಹೊತ್ತು ಬಾರಿಸಿದ ಮೇಲೆ ತಮ್ಮನ ಹೆಂಡತಿ ಎತ್ತಿದಳು. ಏದುಸಿರು ಬಿಡುತ್ತಿದ್ದಳು.

"ಎಲ್ಲಿ ಇದ್ದೀ?" ಅಂದೆ.

"ಇಲ್ಲೇ ಓಣ್ಯಾಗ ಇದ್ದೆ ರಿ ಅಕ್ಕಾ. ನಿಮ್ಮ ಫೋನ್ ಬಂತಂತ ತಿರುಗಿ ಮನಿಗಿ ಬರಾಕತ್ತೇನಿ. ತಡೀರಿ, ಒಳಗ ಬಂದೆ. ಅವ್ವಗ ಕೊಡ್ತೇನಿ."

"ಅಲ್ಲಿ ಗಡಿಯಾರ ಹಿಂದ ಬಂತವಾ," ಅಂದೆ. ನನ್ನ ಖುಷಿಯಲ್ಲಿ ನಾನೇ ಗಳಗಳ ಮಾತಾಡಿದೆ. "ನಮ್ಮ ನಾದಿನಿದು ಇನ್ನ ಆರಕ್ಕ. ಐದು ನನಗ ಖಾಲಿ ಆತು."

ಆ ಕಡೆ ಅವಳು ಚಪ್ಪಲಿ ಬಿಟ್ಟ ಸದ್ದು ಬಂತು.

"ಹಂಗಾರ ಮತ್ತ ಪ್ರತಿ ರವಿವಾರ ಐದಕ್ಕೇನ್ರಿ ಅಕ್ಕಾ?"

"ಯಾಕ? ಏನಾತು?"

"ಏನಿಲ್ರಿ." ದೂರುವ ದನಿಯೇನೂ ಇರಲಿಲ್ಲ. "ನೀವು ಫೋನ್ ಮಾಡೋದು ಬಿಟ್ಟ ಮ್ಯಾಲ ಆ ಅರ್ಧ ತಾಸು ನಮ್ಮ ಅವ್ವನ ಮನಿಗಿ ಹೋಗಿ ಬರ್ತಿದ್ದೆ. ಎರಡು ಓಣಿ ದಾಟಿದ್ರ ಮನಿ. ಹುಡುಗರು ಬರೋದ್ರಾಗ ವಾಪಸ್ ಬರ್ತಿದ್ದೆ. ಅದಕ್ಕಿಂತ ಮದ್ಲ ಐದು ವರ್ಷದಾಗ ಪುರಸೊತ್ತೇ ಆಗಿದ್ದಿಲ್ಲ ನೋಡ್ರಿ."

ಐದು ವರ್ಷ. ಅವಳು ನಮ್ಮ ಮನೆಗೆ ಬಂದು ಆದದ್ದೇ ಅಷ್ಟು. ಪ್ರತಿ ರವಿವಾರ ಅವ್ವನ ಕಿವಿಯಲ್ಲಿ ನನ್ನ ಮಾತು ಕೂಗುತ್ತಿದ್ದವಳಿಗೆ ಎರಡು ಓಣಿಯಾಚೆ ತನ್ನದೂ ಒಬ್ಬ ಅವ್ವ ಇದ್ದಾಳೆ ಅಂತ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ನಾನು ನನ್ನ ಅತ್ತೆಯನ್ನು, ನಾದಿನಿಯನ್ನು, ಅಯ್ಯನವರನ್ನು ಬೈದುಕೊಂಡ ಏಳು ತಿಂಗಳು ಅವಳಿಗೆ ಸಿಕ್ಕ ಬಿಡುಗಡೆಯಾಗಿತ್ತು. ಅವಳ ನಾದಿನಿ ನಾನು.

ನೀನು ಹೋಗವಾ ಅನ್ನಬೇಕಿತ್ತು. ಬಾಯಿಗೆ ಬಂದಿತ್ತು ಕೂಡ. ಆದರೆ ಅವಳು ಹೋದರೆ ಅವ್ವನ ಕಿವಿಯಲ್ಲಿ ಕೂಗುವವರಿಲ್ಲ, ಬೇರೆ ಹೊತ್ತೂ ಇಲ್ಲ. ಅಷ್ಟರಲ್ಲಿ ಹಿಂದಿನಿಂದ ಅವ್ವನ ಧ್ವನಿ ಬಂತು. "ಯಾರವಾ? ನನ್ನ ಮಗಳೇನು? ಏನಂತಾಳ?"

ನಾನು ಏನಾದರೂ ಹೇಳುತ್ತೇನೋ ಅಂತ ತಮ್ಮನ ಹೆಂಡತಿ ಕಾದಳು. ನಾನು ಹೇಳಲಿಲ್ಲ. ಆಮೇಲೆ ಅವಳು ಅವ್ವನ ಕಿವಿಯ ಹತ್ತಿರ ಬಾಗಿ ಕೂಗಿದ್ದು ನನಗೂ ಕೇಳಿತು.

"ನಿಮ್ಮ ಮಗಳು ಇನ್ನ ಪ್ರತಿ ರವಿವಾರ ಐದಕ್ಕ ಫೋನ್ ಮಾಡ್ತಾರಂತ್ರಿ!"

ಅವ್ವ ನಕ್ಕಳು. ಏಳು ತಿಂಗಳು ನಾನು ಕಾದಿದ್ದ ನಗು ಅದು. "ಖರೇನೇನು?" ಅಂತ ಅಲ್ಲಿಂದಲೇ ನನ್ನನ್ನು ಕೇಳಿದಳು. ಹೂಂ ಅವ್ವಾ ಅಂದೆ, ಅವಳಿಗೆ ಕೇಳುವ ಹಾಗೆ ಜೋರಾಗಿ.